‘ಅಪ್ಪ’ನ ವಿಭಕ್ತಿ ತಪ್ಪಿದ್ದಕ್ಕೆ 500 ವರ್ಷದ ಅಪವಾದ

ಭಾಗ 1

ಹೈಸ್ಕೂಲಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದ್ಯಾ? ಅಪ್ಪನು, ಅಪ್ಪನನ್ನು, ಅಪ್ಪನ... ತಪ್ಪಿದ್ರೆ ಒಂದು ಮಾರ್ಕ್ ಹೋಗ್ತಿತ್ತು, ಅಷ್ಟೇ. ಆದ್ರೆ 8ನೇ ಶತಮಾನದ ಇರಾಕ್‌ನಲ್ಲಿ ಒಬ್ಬ ದೊಡ್ಡ ಧರ್ಮಶಾಸ್ತ್ರ ಪಂಡಿತರು ‘ಅಪ್ಪ’ ಅನ್ನೋ ಪದದ ಒಂದು ಸ್ವರ ಬೇರೆ ಥರ ಹೇಳಿದ್ದಕ್ಕೆ, ಅವರಿಗೆ ಅರಬ್ಬಿನೇ ಸರಿಯಾಗಿ ಬರಲ್ಲ ಅನ್ನೋ ಮಾತು ಅಂಟಿಕೊಂಡಿತು. ಅವರು ಕೂಫಾದ ಅಬೂ ಹನೀಫಾ. ತೀರಿಕೊಂಡಿದ್ದು 767ರಲ್ಲಿ. ಹನಫಿ ಪಂಥ ಅಂತ ಕೇಳಿರ್ತೀರಲ್ಲ, ಅದು ಇವರ ಹೆಸರಿಂದಲೇ ಬಂದಿದ್ದು.

ಭಾಗ 2

ಜಗಳ ಅರ್ಥ ಆಗ್ಬೇಕಂದ್ರೆ ಮೊದಲು ನಿಯಮ ನೋಡೋಣ. ಅರಬ್ಬಿಯಲ್ಲಿ ಮೂರೇ ವಿಭಕ್ತಿ. ಪದ ಕರ್ತೃ ಆಗಿದ್ರೆ ಕೊನೆಗೆ ‘ಉ’, ಕರ್ಮ ಆಗಿದ್ರೆ ‘ಅ’, ‘ಇಂದ’, ‘ಕಡೆಗೆ’ ಥರದ ಪದದ ನಂತರ ಬಂದ್ರೆ ‘ಇ’. ಇವೆಲ್ಲ ಹ್ರಸ್ವ ಸ್ವರ. ಬರವಣಿಗೆಯಲ್ಲಿ ಸಾಮಾನ್ಯವಾಗಿ ಕಾಣಿಸೋದೇ ಇಲ್ಲ. ಹಾಗಾಗಿ ಬರೆಯುವಾಗ ತಪ್ಪು ಮಾಡಿದ್ರೂ ಸಿಕ್ಕಿಬೀಳಲ್ಲ.

ಐದು ಪದ ಮಾತ್ರ ಬೇರೆ: ಅಬ್ (ಅಪ್ಪ), ಅಖ್ (ಅಣ್ಣ ಅಥವಾ ತಮ್ಮ), ಹಮ್ (ಗಂಡನ ಕಡೆಯ ಮಾವ), ಫೂ (ಬಾಯಿ), ಧೂ (ಉಳ್ಳವನು). ಇವು ‘ಇಂಥವರ’ ಅನ್ನೋ ಸಂಬಂಧಕ್ಕೆ ಬಂದಾಗ ಸ್ವರ ದೀರ್ಘ ಆಗಿ, ಒಂದು ಅಕ್ಷರವಾಗಿಯೇ ಕೂರುತ್ತೆ. ಕುರಾನಿನ 12ನೇ ಅಧ್ಯಾಯದ ಯೂಸುಫ್ ಕಥೆಯಲ್ಲಿ ಮೂರೂ ರೂಪ ಸಿಗುತ್ತೆ. ಅವರ ಅಪ್ಪ ಮಾತಾಡಿದಾಗ ‘ಅಬೂಹುಮ್’. ಮಕ್ಕಳು ಅವರ ಅಪ್ಪನ ಹತ್ತಿರ ಬಂದಾಗ ‘ಅಬಾಹುಮ್’, ಯಾಕಂದ್ರೆ ಆ ಕ್ರಿಯಾಪದಕ್ಕೆ ಅಪ್ಪನೇ ಕರ್ಮ. ‘ನಿಮ್ಮ ಅಪ್ಪನ ಕಡೆಗೆ’ ಹೋಗಿ ಅನ್ನುವಾಗ ‘ಅಬೀಕುಮ್’. ಅಪ್ಪ ಒಬ್ಬನೇ, ವೇಷ ಮೂರು.

ಭಾಗ 3

ಎರಡು ಕಡೆ ಎಡವೋದು ಜಾಸ್ತಿ. ‘ಯಾರ’ ಅಪ್ಪ ಅಂತ ಹೇಳದೆ ಬರೀ ‘ಒಬ್ಬ ಅಪ್ಪ’ ಅಂದ್ರೆ ದೀರ್ಘ ಇಲ್ಲ: ಅಬುನ್, ಅಬನ್, ಅಬಿನ್. ಇನ್ನೊಂದು, ‘ನನ್ನ ಅಪ್ಪ’ ಅಂದ್ರೆ ಮೂರು ವಿಭಕ್ತಿಯಲ್ಲೂ ‘ಅಬೀ’ನೇ. ಆ ‘ಈ’ ವಿಭಕ್ತಿ ಅಲ್ಲ, ‘ನನ್ನ’ ಅನ್ನೋದರ ಗುರುತು. ಹೊರಗೆ ಒಂದೇ ಥರ ಕಂಡ್ರೂ ಲೆಕ್ಕ ಬೇರೆ, ಒಂದೇ ಮೊತ್ತ ಬೇರೆ ಖಾತೆಯಲ್ಲಿ ಕೂತ ಹಾಗೆ.

ಭಾಗ 4

ಈಗ ಆ ಪ್ರಸಂಗ. ಬಸ್ರಾದ ವ್ಯಾಕರಣ ಪಂಡಿತ ಅಬೂ ಅಮ್ರ್ ಇಬ್ನ್ ಅಲ್-ಅಲಾ ಒಂದು ಕಾನೂನು ಪ್ರಶ್ನೆ ಕೇಳ್ತಾರೆ: ಹರಿತವಾದ ಆಯುಧ ಅಲ್ಲ, ಭಾರವಾದ ವಸ್ತುವಿನಿಂದ ಹೊಡೆದು ಕೊಂದರೆ ಪ್ರಾಣಕ್ಕೆ ಪ್ರಾಣ ಅನ್ನೋ ಶಿಕ್ಷೆ ಇದ್ಯಾ? ಅಬೂ ಹನೀಫಾ ‘ಇಲ್ಲ’ ಅಂತಾರೆ. ಕವಣೆಯಂತ್ರದ ಕಲ್ಲಿಂದ ಕೊಂದ್ರೂ ಇಲ್ವಾ? ಅದಕ್ಕೆ ಇವರ ಉತ್ತರ: ಅಬೂ ಕುಬೈಸಿನಿಂದ ಕೊಂದ್ರೂ ಇಲ್ಲ. ಅದು ಮೆಕ್ಕಾದಲ್ಲಿ ಕಾಬಾದ ಪಕ್ಕದಲ್ಲೇ ಇರೋ ಬೆಟ್ಟ.

‘ಇಂದ’ ಅನ್ನೋಕೆ ಅರಬ್ಬಿಯಲ್ಲಿ ‘ಬಿ’. ಅದರ ನಂತರ ‘ಅಬೀ ಕುಬೈಸ್’ ಬರಬೇಕು. ಅವರು ಅಂದಿದ್ದು ‘ಬಿ-ಅಬಾ ಕುಬೈಸ್’. ಬೇರೆ ಪದ ಆಗಿದ್ರೆ ಹ್ರಸ್ವ ಸ್ವರ ಬಾಯಲ್ಲೇ ಜಾರಿಹೋಗ್ತಿತ್ತೇನೋ. ಇಲ್ಲಿ ದೀರ್ಘ ‘ಆ’, ಕೇಳಿದ್ದು ಬೇರೆ ವ್ಯಾಕರಣ ಪಂಡಿತರು. ಕಾನೂನಿನ ವಾದ ಪಕ್ಕಕ್ಕೆ ಹೋಯ್ತು, ‘ಆ’ ಉಳೀತು.

ಭಾಗ 5

1282ರಲ್ಲಿ ತೀರಿಕೊಂಡ ಇಬ್ನ್ ಖಲ್ಲಿಕಾನ್ ತಮ್ಮ ಜೀವನಚರಿತ್ರೆ ಕೋಶದಲ್ಲಿ ಈ ಕಥೆ ದಾಖಲಿಸ್ತಾರೆ. ಅಬೂ ಹನೀಫಾರಲ್ಲಿ ಜನ ಎತ್ತಿ ತೋರಿಸೋ ಕೊರತೆ ಇದೊಂದೇ ಅಂತ ಹೇಳಿ, ಸುಮಾರು 500 ವರ್ಷದ ನಂತರ ಅವರ ಪರ ವಾದಕ್ಕೂ ನಿಲ್ತಾರೆ. ಈ ಪದಗಳನ್ನ ಮೂರು ವಿಭಕ್ತಿಯಲ್ಲೂ ‘ಆ’ ಇಟ್ಟೇ ಹೇಳೋ ಅರಬ್ಬರೂ ಇದ್ರು. ಅದಕ್ಕೆ ಒಂದು ಹಳೇ ಪದ್ಯವನ್ನೂ ಸಾಕ್ಷಿ ಕೊಡ್ತಾರೆ. ಅದು ಕೂಫಾದವರ ನುಡಿ, ಅಬೂ ಹನೀಫಾ ಕೂಫಾದವರು. ಅಂದ್ರೆ ಅವರು ತಪ್ಪು ಮಾತಾಡಲಿಲ್ಲ, ತಮ್ಮ ಊರಿನ ಮಾತಾಡಿದ್ರು.

ಈ ವಾದಕ್ಕೂ ಮಿತಿ ಇದೆ. ವ್ಯಾಕರಣ ಪುಸ್ತಕಗಳು ಈ ‘ಆ’ ರೂಪವನ್ನ ಅಪ್ಪ, ಅಣ್ಣತಮ್ಮ, ಮಾವ ಮೂರಕ್ಕೆ ಮಾತ್ರ ಒಪ್ತವೆ. ಬಾಯಿ, ಉಳ್ಳವನು ಎರಡಕ್ಕೆ ಇಲ್ಲ. ಪರೀಕ್ಷೆಯಲ್ಲಿ ‘ಬಿ-ಅಬಾ’ ಬರೆದ್ರೆ ಇವತ್ತೂ ಕೆಂಪು ಗೆರೆನೇ. ಇಬ್ಬರೂ ಇರಾಕ್‌ನವರೇ, ಆದ್ರೆ ‘ಅಬೀ’ ಪುಸ್ತಕದ ನಿಯಮ ಆಯ್ತು, ‘ಅಬಾ’ ವಿನಾಯಿತಿ ಆಯ್ತು.

ಧಾರವಾಡದ ಮಾತಿಗೋ ಕುಂದಾಪುರದ ಮಾತಿಗೋ ಕ್ಲಾಸಲ್ಲಿ ನಗು ಕೇಳಿದ್ದೀರಾ? ಹಾಗಿದ್ರೆ ಆ ‘ಆ’ ಯಾಕೆ 500 ವರ್ಷ ಚುಚ್ಚಿತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.