ಆರು ಕಾಲಂಗಳ ಹಾಳೆ: 11 ಕೆವಿ ಫೀಡರ್ ಒಂದರ ಕೇಬಲ್ ಎಳೆತ ಮತ್ತು ಮೆಗ್ಗರ್ ದಾಖಲೆಯನ್ನು ಓದುವ ಬಗೆ

ಕಾರ್ಖಾನೆಗಳಲ್ಲಿ 11 ಕೆವಿ ಕೇಬಲ್ ಹಾಕಿ ಮುಗಿದಾಗ ಎರಡು ಹಾಳೆಗಳು ಕಡತ ಸೇರುತ್ತವೆ. ಒಂದರಲ್ಲಿ ಕೇಬಲ್ ಎಳೆದ ವಿವರ, ಇನ್ನೊಂದರಲ್ಲಿ ಮೆಗ್ಗರ್ ರೀಡಿಂಗ್. ಎರಡನ್ನೂ ಬೇರೆ ಬೇರೆ ಜನ ತುಂಬುತ್ತಾರೆ, ಬೇರೆ ಬೇರೆ ಜನ ಸಹಿ ಹಾಕುತ್ತಾರೆ. ಪಕ್ಕಪಕ್ಕ ಇಟ್ಟು ಓದುವವರು ಕಡಿಮೆ. ಹಾಗೆ ಓದಿದರೆ ದಾಖಲೆ ಎಲ್ಲಿ ನಿಜ ಹೇಳುತ್ತಿದೆ, ಎಲ್ಲಿ ಸುಮ್ಮನೆ ತುಂಬಿಸಿದ್ದು ಎಂಬುದು ತಿಳಿಯುತ್ತದೆ ಎನ್ನುವುದು ಈ ಟಿಪ್ಪಣಿಯ ವಾದ. ಉದಾಹರಣೆಗೆ ಒಂದು ಮಾದರಿ ಫೀಡರ್ ತೆಗೆದುಕೊಳ್ಳೋಣ: ಮುಖ್ಯ ಪ್ಯಾನೆಲ್‌ನಿಂದ ಕಂಪ್ರೆಸರ್ ಸಬ್‌ಸ್ಟೇಷನ್‌ಗೆ ಹೋಗುವ, ಮೂರು ಕೋರ್, 240 ಚದರ ಮಿಮೀ ಅಲ್ಯೂಮಿನಿಯಂ, ಆರ್ಮರ್ ಇರುವ ಎಕ್ಸ್‌ಎಲ್‌ಪಿಇ ಕೇಬಲ್. ಇಲ್ಲಿನ ರೀಡಿಂಗ್‌ಗಳು ಲೆಕ್ಕ ತೋರಿಸಲು ಆಯ್ದುಕೊಂಡವು.

ಮೊದಲು ಉದ್ದ. ಕೇಬಲ್‌ನ ಹೊರಕವಚದ ಮೇಲೆ ಮೀಟರ್‌ಗೊಂದರಂತೆ ಅಂಕಿ ಅಚ್ಚಾಗಿರುತ್ತದೆ. ಎಳೆತದ ಹಾಳೆಯಲ್ಲಿ ಎರಡು ತುದಿಗಳ ಅಂಕಿಯನ್ನು ಬರೆದಿದ್ದರೆ ಉದ್ದದ ಬಗ್ಗೆ ವಾದವೇ ಇಲ್ಲ. ನಮ್ಮ ಮಾದರಿಯಲ್ಲಿ ಡ್ರಮ್ಮಿನ ಉದ್ದ 500 ಮೀಟರ್, ಹಾಕಿದ್ದು 252 ಮೀಟರ್. ಡ್ರಮ್ ಮೇಲಿದ್ದಾಗ ಆರ್ ಫೇಸ್ ಮತ್ತು ಅರ್ಥ್ ನಡುವೆ 6.1 ಗಿಗಾಓಮ್ ಬಂದಿತ್ತು ಎನ್ನೋಣ. ಕೇಬಲ್ ಉದ್ದವಾದಷ್ಟೂ ಸೋರಿಕೆಯ ದಾರಿಗಳು ಹೆಚ್ಚುತ್ತವೆ, ರೋಧ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆದ್ದರಿಂದ ಸುಮಾರು ಅರ್ಧಕ್ಕೆ ಕತ್ತರಿಸಿದ ಮೇಲೆ ರೀಡಿಂಗ್ 12ರ ಆಸುಪಾಸಿಗೆ ಏರಬೇಕು. ಹಾಕಿದ ಮೇಲೂ 6.1 ಎಂದೇ ಬರೆದಿದ್ದರೆ ಎರಡರಲ್ಲಿ ಒಂದು: ಕೇಬಲ್‌ಗೆ ಏನೋ ಆಗಿದೆ, ಇಲ್ಲವೇ ಹಳೆಯ ಅಂಕಿಯನ್ನು ನಕಲು ಮಾಡಿದ್ದಾರೆ. ಇನ್ಸುಲೇಶನ್ ಬಿಸಿಯಾದಷ್ಟೂ ರೀಡಿಂಗ್ ಇಳಿಯುವುದರಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಬಿದ್ದಿದ್ದ ಡ್ರಮ್ಮನ್ನೂ ಮಣ್ಣಿನೊಳಗಿನ ಕೇಬಲ್ಲನ್ನೂ ಹೋಲಿಸುವಾಗ ತಾಪಮಾನ ಬರೆದಿರಲೇಬೇಕು. ಆ ಖಾನೆ ಖಾಲಿ ಇರುವ ಹಾಳೆಗಳೇ ಜಾಸ್ತಿ.

ಇನ್ನು ಆರು ಕಾಲಂಗಳ ವಿಚಾರ. ಎಲ್‌ಟಿ ಕೇಬಲ್‌ನ ನಮೂನೆಯನ್ನೇ ಇಲ್ಲಿಗೂ ಎತ್ತಿಕೊಂಡಿರುವುದರಿಂದ ಹಾಳೆಯಲ್ಲಿ ಆರ್-ಅರ್ಥ್, ವೈ-ಅರ್ಥ್, ಬಿ-ಅರ್ಥ್ ಜೊತೆಗೆ ಆರ್-ವೈ, ವೈ-ಬಿ, ಬಿ-ಆರ್ ಎಂಬ ಖಾನೆಗಳೂ ಇರುತ್ತವೆ. ಎಲ್‌ಟಿ ಕೇಬಲ್‌ನಲ್ಲಿ ಎರಡು ಕೋರ್‌ಗಳ ಇನ್ಸುಲೇಶನ್ ಒಂದಕ್ಕೊಂದು ತಾಗಿಕೊಂಡಿರುತ್ತದೆ, ಅಲ್ಲಿ ಆ ಪರೀಕ್ಷೆಗೆ ಅರ್ಥವಿದೆ. 11 ಕೆವಿ ಎಕ್ಸ್‌ಎಲ್‌ಪಿಇ ಕೇಬಲ್‌ನಲ್ಲಿ ಪ್ರತಿ ಕೋರ್‌ಗೂ ತನ್ನದೇ ತಾಮ್ರದ ಟೇಪಿನ ಸ್ಕ್ರೀನ್ ಸುತ್ತಿರುತ್ತದೆ, ಮೂರೂ ಸ್ಕ್ರೀನ್‌ಗಳು ಒಂದಕ್ಕೊಂದು ತಾಗಿರುತ್ತವೆ. ಆರ್‌ನಿಂದ ವೈಗೆ ಹೋಗುವ ಸೋರಿಕೆ ಆರ್ ಇನ್ಸುಲೇಶನ್ ದಾಟಿ, ಸ್ಕ್ರೀನ್‌ಗೆ ಬಂದು, ಮತ್ತೆ ವೈ ಇನ್ಸುಲೇಶನ್ ದಾಟಬೇಕು. ಅಂದರೆ ಆರ್-ವೈ ಖಾನೆಯಲ್ಲಿ ಬರಬೇಕಾದದ್ದು ಎರಡು ಅರ್ಥ್ ರೀಡಿಂಗ್‌ಗಳ ಮೊತ್ತ. 12.1 ಮತ್ತು 11.8 ಇದ್ದರೆ ಹತ್ತಿರಹತ್ತಿರ 24. ಹೊಸ ಮಾಹಿತಿ ಇದರಲ್ಲಿ ಏನೂ ಇಲ್ಲ, ಆದರೆ ಹಾಳೆ ತುಂಬಿದವರ ಪ್ರಾಮಾಣಿಕತೆಯ ಪರೀಕ್ಷೆ ಮಾತ್ರ ಚೆನ್ನಾಗಿ ಆಗುತ್ತದೆ. ಆರೂ ಖಾನೆಗಳಲ್ಲಿ ಸಾಲಾಗಿ 12, 12, 12 ಎಂದು ಕಂಡರೆ ಕೊನೆಯ ಮೂರನ್ನು ಮೆಗ್ಗರ್ ಹಚ್ಚದೆಯೇ ಬರೆದಿದ್ದಾರೆ ಎಂದು ನಾನಂತೂ ತೀರ್ಮಾನಿಸುತ್ತೇನೆ.

ಟರ್ಮಿನೇಶನ್ ಆದ ಮೇಲೆ ಮತ್ತೆ ಅಳೆದಾಗ ಆರ್, ವೈ ಎರಡೂ 11ರ ಮೇಲಿದ್ದು ಬಿ ಮಾತ್ರ 0.9 ಗಿಗಾಓಮ್‌ಗೆ ಬಿದ್ದಿತು ಎಂದುಕೊಳ್ಳಿ. ಕೇಬಲ್ ಕೆಟ್ಟಿದೆ ಎಂದು ಗಾಬರಿಯಾಗುವುದು ಸಹಜ. ಲೆಕ್ಕ ಹಾಕಿ ನೋಡಿದರೆ, 12 ಗಿಗಾಓಮ್‌ನ ಕೇಬಲ್‌ಗೆ ಸಮಾಂತರವಾಗಿ ಸುಮಾರು 0.97 ಗಿಗಾಓಮ್‌ನ ಇನ್ನೊಂದು ದಾರಿ ಸೇರಿಕೊಂಡಿದ್ದರೆ ಇಷ್ಟು ಬರುತ್ತದೆ. 5 ಕೆವಿಯಲ್ಲಿ ಆ ದಾರಿಯ ಕರೆಂಟ್ ಬರೀ 5 ಮೈಕ್ರೋಆಂಪಿಯರ್‌ನಷ್ಟು. ಟರ್ಮಿನೇಶನ್ ಮೇಲೆ ಕೂತ ಧೂಳು, ಬೆವರಿನ ಕೈಗುರುತು, ಮಳೆಗಾಲದ ತೇವ ಇದಕ್ಕೆ ಧಾರಾಳವಾಗಿ ಸಾಕು. ಒಣ ಬಟ್ಟೆಯಿಂದ ಒರೆಸಿ, ಮೇಲ್ಮೈ ಸುತ್ತ ಬರಿ ತಾಮ್ರದ ತಂತಿ ಸುತ್ತಿ ಅದನ್ನು ಮೆಗ್ಗರ್‌ನ ಗಾರ್ಡ್ ಟರ್ಮಿನಲ್‌ಗೆ ಕೊಡಬೇಕು. ಆಗ ಮೇಲ್ಮೈ ಕರೆಂಟ್ ಮೀಟರಿನ ಲೆಕ್ಕಕ್ಕೆ ಬರುವುದಿಲ್ಲ. ರೀಡಿಂಗ್ 11ಕ್ಕೆ ಏರಿದರೆ ದೋಷ ಹೊರಗಿನದು, 0.9ರಲ್ಲೇ ನಿಂತರೆ ಟರ್ಮಿನೇಶನ್ ಬಿಚ್ಚಲೇಬೇಕು. ದಾಖಲೆಯಲ್ಲಿ ಎರಡೂ ಅಂಕಿ ಇರಬೇಕು, ಮೊದಲನೆಯದನ್ನು ವೈಟ್ನರ್ ಹಚ್ಚಿ ಅಳಿಸಬಾರದು.

ಪೋಲರೈಸೇಶನ್ ಇಂಡೆಕ್ಸ್ 2ಕ್ಕಿಂತ ಹೆಚ್ಚಿರಬೇಕು ಎಂದು ಕೇಬಲ್‌ಗೂ ಕೇಳುವವರಿದ್ದಾರೆ. ಆ ಅಳತೆ ಮೋಟಾರ್, ಜನರೇಟರ್ ವೈಂಡಿಂಗ್‌ಗಳಿಗಾಗಿ ಬಂದದ್ದು, ಐಇಇಇ 43 ಮಾನಕವೇ ತಿರುಗುವ ಯಂತ್ರಗಳ ಕುರಿತದ್ದು. ಎಕ್ಸ್‌ಎಲ್‌ಪಿಇಯಲ್ಲಿ ವಿದ್ಯುತ್ ಹೀರಿಕೆ ಬಹಳ ಕಡಿಮೆ, ಒಳ್ಳೆಯ ಕೇಬಲ್‌ನಲ್ಲೂ ಆ ಅನುಪಾತ 1ರ ಹತ್ತಿರ ನಿಲ್ಲಬಹುದು.

ಎಳೆಯುವಾಗ ಆದ ಪೆಟ್ಟನ್ನು ಈ ಯಾವ ರೀಡಿಂಗೂ ಹೇಳುವುದಿಲ್ಲ ಎಂಬುದೇ ದೊಡ್ಡ ತೊಡಕು. ಟ್ರೆಂಚಿನ ಕಲ್ಲಿಗೆ ಉಜ್ಜಿ ಹೊರಕವಚ ಹರಿದರೂ ಫೇಸ್ ಇನ್ಸುಲೇಶನ್‌ಗೆ ಏನೂ ಆಗಿರುವುದಿಲ್ಲ, 12 ಗಿಗಾಓಮ್ ಹಾಗೆಯೇ ಬರುತ್ತದೆ. ಪೆಟ್ಟು ಎಲ್ಲಿ ಬಿದ್ದಿರಬಹುದು ಎನ್ನುವುದಕ್ಕೆ ಎಳೆತದ ಹಾಳೆಯನ್ನೇ ಕೇಳಬೇಕು. ನಮ್ಮ ಮಾರ್ಗದಲ್ಲಿ ಒಂದು ಕಡೆ 200 ಮೀಟರ್ ನೇರ, ನಂತರ ಒಂದು 90 ಡಿಗ್ರಿ ತಿರುವು, ಆಮೇಲೆ 50 ಮೀಟರ್. ಕೇಬಲ್ ಮೀಟರಿಗೆ 7 ಕೆಜಿ, ರೋಲರ್ ಮೇಲಿನ ಘರ್ಷಣೆ 0.2 ಎಂದು ಹಿಡಿದರೆ, ಡ್ರಮ್ಮನ್ನು ಉದ್ದನೆಯ ಕಡೆ ಇಟ್ಟು ಎಳೆದಾಗ ತಿರುವಿಗೆ ಬರುವಷ್ಟರಲ್ಲಿ ಎಳೆತ 2.75 ಕಿಲೋನ್ಯೂಟನ್, ತಿರುವು ದಾಟುವಾಗ ಅದು 1.37 ಪಟ್ಟಾಗಿ 3.8 ಆಗುತ್ತದೆ. ಡ್ರಮ್ಮನ್ನು ಗಿಡ್ಡ ಕಡೆ ಇಟ್ಟರೆ ತಿರುವಿನಲ್ಲಿ ಒಂದು ಕಿಲೋನ್ಯೂಟನ್ನೂ ದಾಟುವುದಿಲ್ಲ. ಒಟ್ಟು ಎಳೆತ ಎರಡರಲ್ಲೂ ಮಿತಿಯೊಳಗೇ ಇದೆ. ಪುಲಿಂಗ್ ಐ ಹಾಕಿದಾಗ ಅಲ್ಯೂಮಿನಿಯಂಗೆ ಚದರ ಮಿಮೀಗೆ 30 ನ್ಯೂಟನ್‌ನಂತೆ ಈ ಕೇಬಲ್ 21.6 ಕಿಲೋನ್ಯೂಟನ್ ತಡೆಯುತ್ತದೆ. ಆದರೆ ತಿರುವಿನಲ್ಲಿ ಕೇಬಲ್‌ನ ಪಕ್ಕಕ್ಕೆ ಬೀಳುವ ಒತ್ತಡ ಎಳೆತವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದಷ್ಟು, ಅದು ಮೊದಲ ಕ್ರಮದಲ್ಲಿ ನಾಲ್ಕು ಪಟ್ಟು ಹೆಚ್ಚು. ತಿರುವಿನ ರೋಲರ್ ಒಂದು ಮಗುಚಿಕೊಂಡಿದ್ದರೆ ಕವಚ ಸುಲಿಯುವುದು ಅಲ್ಲೇ. ಆದ್ದರಿಂದ ಡ್ರಮ್ ಯಾವ ತುದಿಯಲ್ಲಿತ್ತು ಎಂಬ ಒಂದು ಸಾಲು ಹಾಳೆಯಲ್ಲಿ ಇರಲೇಬೇಕು.

ಕವಚ ಹರಿದಿದೆಯೇ ಎಂದು ತಿಳಿಯಲು ಆರ್ಮರ್ ಮತ್ತು ಭೂಮಿಯ ನಡುವೆ ಅಳೆಯಬೇಕು, ಅದೂ ಗ್ಲ್ಯಾಂಡ್ ಬಿಗಿದು ಅರ್ಥ್ ಮಾಡುವ ಮುಂಚೆ. ಒಮ್ಮೆ ಅರ್ಥ್ ಆದರೆ ಆ ಅವಕಾಶ ಹೋಯಿತು. 1 ಕೆವಿ ಮೆಗ್ಗರ್‌ನಲ್ಲಿ ಹತ್ತಾರು ಮೆಗಾಓಮ್ ನಿರೀಕ್ಷಿಸುವ ಕಡೆ 0.2 ಬಂದರೆ ಕವಚ ಎಲ್ಲೋ ತೂತಾಗಿದೆ, ತಿರುವಿನಿಂದ ಅಗೆದು ನೋಡಲು ಶುರುಮಾಡಬಹುದು. ಈ ಪರೀಕ್ಷೆ ಮಣ್ಣು ಮುಚ್ಚಿದ ಭಾಗಕ್ಕೆ ಮಾತ್ರ ನಡೆಯುತ್ತದೆ. ಟ್ರೇ ಮೇಲಿನ ಕೇಬಲ್ ಸುತ್ತ ಗಾಳಿ ಇರುವುದರಿಂದ, ಕವಚದ ಹೊರಗೆ ಗ್ರಾಫೈಟ್ ಲೇಪ ಇಲ್ಲದಿದ್ದರೆ, ಅಲ್ಲಿ ಕಣ್ಣಿನಿಂದಲೇ ನೋಡಬೇಕು. ಹರಿದ ಕಡೆ ನೀರು ಇಳಿದು ಮೊದಲು ಆರ್ಮರ್ ತುಕ್ಕು ಹಿಡಿಯುತ್ತದೆ, ಆಮೇಲೆ ತಾಮ್ರದ ಟೇಪ್ ಸವೆಯುತ್ತದೆ. ಫೇಸ್ ರೀಡಿಂಗ್ ಬೀಳುವ ಹೊತ್ತಿಗೆ ವರ್ಷಗಳೇ ಕಳೆದಿರಬಹುದು.

ಆದ್ದರಿಂದ ನಮೂನೆಯಿಂದ ಫೇಸ್-ಫೇಸ್ ಖಾನೆಗಳನ್ನು ತೆಗೆದು, ಆ ಜಾಗದಲ್ಲಿ ಆರ್ಮರ್-ಭೂಮಿ ರೀಡಿಂಗ್, ತಾಪಮಾನ, ಮೀಟರ್ ಗುರುತುಗಳನ್ನು ಸೇರಿಸುವುದು ಒಳ್ಳೆಯದು. ಇಷ್ಟಾದರೂ ಈ ಹಾಳೆಯೊಂದನ್ನೇ ನಂಬಿ ಫೀಡರ್ ಚಾರ್ಜ್ ಮಾಡಬಾರದು. 11 ಕೆವಿ ಕೇಬಲ್‌ನಲ್ಲಿ ಫೇಸ್-ಅರ್ಥ್ ವೋಲ್ಟೇಜ್ 6.35 ಕೆವಿ, ಅದರ ಶಿಖರ ಸುಮಾರು 9 ಕೆವಿ. 5 ಕೆವಿ ಮೆಗ್ಗರ್ ಅಲ್ಲಿಯವರೆಗೂ ಏರುವುದಿಲ್ಲ. ಕಳಪೆ ಟರ್ಮಿನೇಶನ್ನಿನೊಳಗಿನ ಗಾಳಿಗುಳ್ಳೆ ಅದಕ್ಕೆ ಕಾಣದೇ ಉಳಿಯಬಹುದು. ವಿಎಲ್‌ಎಫ್ ಪರೀಕ್ಷೆಯ ವರದಿ ಜೊತೆಗಿಲ್ಲದ ಮೆಗ್ಗರ್ ಹಾಳೆಗೆ ಸಹಿ ಹಾಕಬೇಡಿ.