ವಿಳಿಂಜಂ ಕಡಲ್ಕೊರೆತ: ಇಸವಿಯ ಸಾಲಿನಿಂದ ವಿಷಯದ ಸಾಲಿಗೆ

ತಿರುವನಂತಪುರದ ದಕ್ಷಿಣಕ್ಕಿರುವ ವಿಳಿಂಜಂ ಕರಾವಳಿಯ ಬಗ್ಗೆ ಸಂಶೋಧನೆ ಬರೆಯುವವರಿಗೆ ಇಸವಿಗಳು ತಾವಾಗಿಯೇ ಸಾಲುಗಟ್ಟಿ ಸಿಗುತ್ತವೆ. 1978ರಲ್ಲಿ ಭೂವಿಜ್ಞಾನ ಅಧ್ಯಯನ ಕೇಂದ್ರ ಸ್ಥಾಪನೆಯಾಯಿತು. 1991ರಲ್ಲಿ ವಿಳಿಂಜಂನಲ್ಲಿ ಅಲೆಯಿಂದ ವಿದ್ಯುತ್ ತೆಗೆಯುವ 150 ಕಿಲೋವಾಟ್ ಸ್ಥಾವರ ಬಂತು. 2004ರಲ್ಲಿ ಸುನಾಮಿ, 2015ರ ಡಿಸೆಂಬರಿನಲ್ಲಿ ಹೊಸ ಬಂದರಿನ ಕಾಮಗಾರಿ, 2017ರಲ್ಲಿ ಓಖಿ ಚಂಡಮಾರುತ, 2022ರಲ್ಲಿ ಮೀನುಗಾರರ ದೊಡ್ಡ ಪ್ರತಿಭಟನೆ. ಆಯಾ ಇಸವಿಯ ಪ್ರಬಂಧಗಳನ್ನು ಈ ಸಾಲಿನಲ್ಲಿ ತುಂಬಿಬಿಟ್ಟರೆ ಪೂರ್ವಸಾಹಿತ್ಯದ ಅಧ್ಯಾಯ ಮುಗಿಯಿತು ಎಂದೇ ಬಹಳ ಮಂದಿ ಭಾವಿಸುತ್ತಾರೆ.

ತೊಂದರೆ ಇರುವುದು 2015ರಲ್ಲಿ. ಸಾಲಿನ ನಡುವೆ ಆ ಇಸವಿ ಬಂದೊಡನೆ ಅದರ ನಂತರದ ಕೊರೆತವೆಲ್ಲ ಬಂದರಿನದ್ದೇ ಫಲ ಎಂಬಂತೆ ಓದಿಸಿಕೊಳ್ಳುತ್ತದೆ. ಲೇಖಕರು ವಾದವನ್ನೇ ಮಂಡಿಸಿಲ್ಲ, ಕ್ಯಾಲೆಂಡರೇ ಮಂಡಿಸಿದೆ. ವಿಳಿಂಜಂನ ಹಳೆಯ ಮೀನುಗಾರಿಕೆ ಬಂದರಿನ ಅಲೆತಡೆ ಅದಕ್ಕೂ ದಶಕಗಳ ಹಿಂದಿನದು. ಉತ್ತರದ ಪೂಂತುರದಲ್ಲಿ ಕಲ್ಲಿನ ತಡೆಗೋಡೆಯೂ ಮೊದಲೇ ಇತ್ತು. ಹಾಗೆಂದು ಹೊಸ ಬಂದರು ನಿರ್ದೋಷಿ ಎಂದಾಗುವುದಿಲ್ಲ. ಎರಡರಲ್ಲಿ ಯಾವುದನ್ನು ಹೇಳುವುದಕ್ಕೂ ಇಸವಿಯ ಸಾಲು ಆಧಾರವಾಗದು.

ಪೂರ್ವಸಾಹಿತ್ಯ ಬರೆಯುವ ಕ್ರಮದಲ್ಲಿ ಈ ಅತೃಪ್ತಿ ಹೊಸದಲ್ಲ. 1976ರಲ್ಲಿ ಜೀನ್ ಗ್ಲಾಸ್ ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸುವ ವಿಧಾನಕ್ಕೆ ‘ಮೆಟಾ ಅನಾಲಿಸಿಸ್’ ಎಂದು ಹೆಸರಿಟ್ಟರು. ಅಂಕಿಗೆ ಒಗ್ಗದ ಬರಹಗಳ ಸಂಯೋಜನೆಗೆ 1988ರಲ್ಲಿ ನೋಬ್ಲಿಟ್ ಮತ್ತು ಹೇರ್ ಬೇರೊಂದು ದಾರಿ ತೋರಿದರು. 2002ರಲ್ಲಿ ವೆಬ್‌ಸ್ಟರ್ ಮತ್ತು ವಾಟ್ಸನ್ ನೇರವಾಗಿ ಹೇಳಿದರು: ವಿಮರ್ಶೆ ಲೇಖಕರನ್ನು ಹಿಡಿದು ಸಾಗಬಾರದು, ಪರಿಕಲ್ಪನೆಯನ್ನು ಹಿಡಿದು ಸಾಗಬೇಕು. ಅದಕ್ಕೆ ಅವರು ಕೊಟ್ಟದ್ದು ಒಂದು ಸರಳ ಕೋಷ್ಟಕ: ಅಡ್ಡಸಾಲಿಗೊಂದು ಪ್ರಬಂಧ, ಕಂಬಕ್ಕೊಂದು ಪರಿಕಲ್ಪನೆ. ನನ್ನ ಮಟ್ಟಿಗೆ ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಮೂರನೆಯದೇ.

ವಿಳಿಂಜಂಗೆ ನಾಲ್ಕು ಕಂಬ ಸಾಕು: ಅಳತೆ, ಋತು, ಕಟ್ಟಡ, ಚಂಡಮಾರುತ. ಒಂದು ಪ್ರಬಂಧ ಎರಡು ಮೂರು ಕಂಬಗಳಲ್ಲಿ ಕಾಣಿಸಿಕೊಳ್ಳಬಹುದು. ಹಾಗೆ ಬರುವುದೇ ಒಳ್ಳೆಯದು. ಇಸವಿಯ ಸಾಲಿನಲ್ಲಿ ಅನಾಥವಾಗಿ ನಿಂತಿದ್ದ 1991ರ ಸ್ಥಾವರದ ಬರಹಗಳಿಗೂ ಈಗ ನೆಲೆ ಸಿಗುತ್ತದೆ. ಯಾವ ತಿಂಗಳಲ್ಲಿ ಅಲೆಯ ಶಕ್ತಿ ಎಷ್ಟು ಎಂಬುದು ವಿದ್ಯುತ್ತಿಗೆ ಬೇಕಿದ್ದಂತೆ ಋತುವಿನ ಕಂಬಕ್ಕೂ ಬೇಕು.

ಕಂಬಗಳ ಕ್ರಮವೂ ಮುಖ್ಯ. ಇಲ್ಲಿ ಅಳತೆಯೇ ಮೊದಲು ಬರಬೇಕು, ಏಕೆಂದರೆ ಮಿಕ್ಕ ಜಗಳಗಳೆಲ್ಲ ಅದರ ಮೇಲೆ ನಿಂತಿವೆ. ಬಹುಕಾಲ ಬಳಕೆಯಲ್ಲಿರುವ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್. ಹತ್ತು ಮೀಟರ್ ಕೊರೆತವನ್ನು ಎರಡೇ ಚಿತ್ರಗಳಿಂದ ಸಾಧಿಸುವ ಪ್ರಬಂಧವನ್ನು ಅನುಮಾನದಿಂದಲೇ ನೋಡಬೇಕು. ಮುಂಗಾರಿನಲ್ಲಿ ಅಲೆ ಮರಳನ್ನು ಒಯ್ಯುತ್ತದೆ, ಮಳೆಗಾಲ ಕಳೆದ ಮೇಲೆ ಬಹುಪಾಲು ಮರಳಿ ತರುತ್ತದೆ. ಹೀಗಿರುವಾಗ ಒಂದು ವರ್ಷದ ಜನವರಿಯ ಚಿತ್ರವನ್ನು ಇನ್ನೊಂದು ವರ್ಷದ ಆಗಸ್ಟಿನ ಚಿತ್ರದೊಂದಿಗೆ ಹೋಲಿಸಿದರೆ ಅಳೆದದ್ದು ದಶಕದ ಬದಲಾವಣೆಯನ್ನಲ್ಲ, ಮಳೆಗಾಲವನ್ನು. ಉಳ್ಳಾಲದ ಕಡಲ್ಕೊರೆತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕೊಂಡಿಯ ಮಾತು. ‘ಇದಲ್ಲದೆ’, ‘ತರುವಾಯ’, ‘ಮತ್ತೊಂದು ಅಧ್ಯಯನದಲ್ಲಿ’ ಎಂಬವು ಕೊಂಡಿಗಳಲ್ಲ. ಪ್ಯಾರಾ ಬದಲಾಯಿತು ಎಂದಷ್ಟೇ ಹೇಳುತ್ತವೆ. ಋತುವಿನಿಂದ ಕಟ್ಟಡಕ್ಕೆ ದಾಟುವಾಗ ಹೀಗೆ ಬರೆದು ನೋಡಿ: ‘ಹೋದ ಮರಳು ಮಳೆಗಾಲದ ನಂತರ ಹಿಂದಿರುಗುತ್ತದೆ ಎಂದು ಋತುವಿನ ಅಧ್ಯಯನಗಳು ತೋರಿಸಿದವು, ಹಿಂದಿರುಗುವ ದಾರಿಯಲ್ಲಿ ಅಲೆತಡೆ ನಿಂತಿದ್ದರೆ ಏನಾಗುತ್ತದೆ ಎಂಬುದು ಅವುಗಳ ಪ್ರಶ್ನೆಯಾಗಿರಲಿಲ್ಲ. ಆ ಪ್ರಶ್ನೆಯನ್ನು ಎತ್ತಿಕೊಂಡದ್ದು ಕಟ್ಟಡಗಳನ್ನು ಕುರಿತ ಅಧ್ಯಯನಗಳು.’ ಮೊದಲ ವಾಕ್ಯ ಹಿಂದಿನ ಗುಂಪು ಸಾಧಿಸಿದ್ದನ್ನೂ ಬಿಟ್ಟದ್ದನ್ನೂ ಹೇಳಿತು. ಎರಡನೆಯದು ಬಿಟ್ಟದ್ದನ್ನು ಹಿಡಿದುಕೊಂಡಿತು. ಪರೀಕ್ಷಿಸುವುದು ಸುಲಭ. ಎರಡು ವಿಭಾಗಗಳನ್ನು ಅದಲುಬದಲು ಮಾಡಿದ ಮೇಲೂ ಕೊಂಡಿ ಹೊಂದಿಕೊಂಡರೆ ಅದು ಕೊಂಡಿಯೇ ಅಲ್ಲ.

ಇಸವಿಯನ್ನು ಪೂರ್ತಿ ಹೊರಗೆ ಹಾಕಬೇಕಿಲ್ಲ. ಪ್ರತಿ ವಿಭಾಗದೊಳಗೆ ಹಳೆಯದರಿಂದ ಹೊಸದಕ್ಕೆ ಸಾಗುವುದೇ ಸಹಜ; ಅಳತೆಯ ವಿಧಾನ ಹೇಗೆ ಬೆಳೆಯಿತು ಎಂಬುದನ್ನು ಬೇರೆ ರೀತಿ ಹೇಳಲೂ ಆಗದು. ಕಂಬಗಳು ಹತ್ತು ಹನ್ನೆರಡಾಗಿ, ಪ್ರತಿಯೊಂದರಲ್ಲೂ ಒಂದೆರಡೇ ಪ್ರಬಂಧ ಉಳಿದರೆ ವಿಂಗಡಣೆ ಕೆಟ್ಟಿದೆ ಎಂದು ತಿಳಿಯಬೇಕು. ಒಂದೇ ಕಂಬಕ್ಕೆ ಮುಕ್ಕಾಲು ಪಾಲು ಬಿದ್ದರೆ ಅದನ್ನು ಒಡೆಯಬೇಕು.

ನಾಲ್ಕು ಕಂಬ ತುಂಬಿದ ಮೇಲೆ ಐದನೆಯದೊಂದನ್ನು ಎಳೆದು, ದಡದಲ್ಲೇ ಬದುಕುವ ಮೀನುಗಾರರ ಮಾತನ್ನು ಯಾವ ಪ್ರಬಂಧ ಪುರಾವೆಯಾಗಿ ತೆಗೆದುಕೊಂಡಿದೆ ಎಂದು ಗುರುತು ಹಾಕಿ. 2022ರ ಪ್ರತಿಭಟನಕಾರರ ಬೇಡಿಕೆಗಳಲ್ಲಿ ಕೊರೆತದ ಅಧ್ಯಯನವೂ ಒಂದಾಗಿತ್ತು. ನಿಮ್ಮ ಕೋಷ್ಟಕದಲ್ಲಿ ಆ ಕಂಬ ಖಾಲಿ ಉಳಿದರೆ ಮುಂದಿನ ಸಂಶೋಧನೆಯ ಪ್ರಶ್ನೆಯನ್ನು ಅಲ್ಲಿಂದ ಆರಿಸಿಕೊಳ್ಳಿ.