ರೇ ಟ್ರೇಸಿಂಗ್ ಮತ್ತು ರಾಸ್ಟರೀಕರಣ

ರೇ ಟ್ರೇಸಿಂಗ್ ಮತ್ತು ರಾಸ್ಟರೀಕರಣ ಇವು ಮೂರು ಆಯಾಮದ ದೃಶ್ಯವನ್ನು ಪರದೆಯ ಮೇಲಿನ ಚಿತ್ರವಾಗಿ ಪರಿವರ್ತಿಸುವ ಎರಡು ವಿಧಾನಗಳು. ಇಂದಿನ ವಿಡಿಯೋ ಗೇಮ್‌ಗಳಲ್ಲಿ ಇವುಗಳ ನಡುವಿನ ವ್ಯತ್ಯಾಸವು ನೆರಳು, ಬೆಳಕು ಮತ್ತು ವಿಶೇಷವಾಗಿ ಪ್ರತಿಬಿಂಬಗಳಲ್ಲಿ ಕಂಡುಬರುತ್ತದೆ.

ರಾಸ್ಟರೀಕರಣ

ಗೇಮ್‌ಗಳಲ್ಲಿ ವಸ್ತುಗಳ ಮೇಲ್ಮೈಯನ್ನು ಸಣ್ಣ ತ್ರಿಕೋನಗಳಿಂದ ರಚಿಸಲಾಗಿರುತ್ತದೆ. ರಾಸ್ಟರೀಕರಣದಲ್ಲಿ ಪ್ರತಿಯೊಂದು ತ್ರಿಕೋನವು ಪರದೆಯ ಯಾವ ಪಿಕ್ಸೆಲ್‌ಗಳನ್ನು ಆವರಿಸುತ್ತದೆ ಎಂದು ಗುರುತಿಸಿ ಬಣ್ಣ ತುಂಬಲಾಗುತ್ತದೆ. ಒಂದೇ ಪಿಕ್ಸೆಲ್‌ನಲ್ಲಿ ಹಲವು ತ್ರಿಕೋನಗಳು ಬಂದರೆ ನೋಡುಗನಿಗೆ ಹತ್ತಿರವಾದುದು ಉಳಿಯುತ್ತದೆ. ಈ ಕ್ರಮವು ಬಹಳ ವೇಗವಾದುದು. ಆದರೆ ಒಂದು ತ್ರಿಕೋನಕ್ಕೆ ಬಣ್ಣ ತುಂಬುವಾಗ ದೃಶ್ಯದ ಇತರ ವಸ್ತುಗಳ ಮಾಹಿತಿ ತಾನಾಗಿ ದೊರೆಯುವುದಿಲ್ಲ. ಆದ್ದರಿಂದ ನೆರಳಿಗಾಗಿ ದೃಶ್ಯವನ್ನು ದೀಪದ ಸ್ಥಾನದಿಂದ ಇನ್ನೊಮ್ಮೆ ಚಿತ್ರಿಸಿ, ಬೆಳಕು ಎಲ್ಲಿಯವರೆಗೆ ತಲುಪುತ್ತದೆ ಎಂದು ದಾಖಲಿಸಲಾಗುತ್ತದೆ. ಪ್ರತಿಬಿಂಬಕ್ಕಾಗಿ ಪರದೆಯ ಮೇಲೆ ಆಗಲೇ ಮೂಡಿರುವ ಚಿತ್ರದ ಭಾಗಗಳನ್ನೇ ಮರುಬಳಕೆ ಮಾಡುವುದು ರೂಢಿ. ಇದಕ್ಕೆ ಸ್ಕ್ರೀನ್ ಸ್ಪೇಸ್ ಪ್ರತಿಫಲನ ಎಂದು ಹೆಸರು. ಅದು ಸಾಧ್ಯವಾಗದ ಕಡೆ, ಮೊದಲೇ ಸಿದ್ಧಪಡಿಸಿದ ಸುತ್ತಲಿನ ದೃಶ್ಯದ ಚಿತ್ರವನ್ನು ಬಳಸಲಾಗುತ್ತದೆ.

ರೇ ಟ್ರೇಸಿಂಗ್

ರೇ ಟ್ರೇಸಿಂಗ್‌ನಲ್ಲಿ ಮೇಲ್ಮೈಯ ಬಿಂದುವಿನಿಂದ ಒಂದು ಕಿರಣವನ್ನು ದೃಶ್ಯದೊಳಗೆ ಕಳುಹಿಸಿ, ಅದು ಯಾವ ವಸ್ತುವನ್ನು ಮೊದಲು ತಾಗುತ್ತದೆ ಎಂದು ಲೆಕ್ಕ ಹಾಕಲಾಗುತ್ತದೆ. ಕಿರಣವು ದೀಪದ ಕಡೆಗೆ ಹೋಗುವಾಗ ಅಡ್ಡಿ ಎದುರಾದರೆ ಆ ಬಿಂದು ನೆರಳಿನಲ್ಲಿದೆ ಎಂದರ್ಥ. ಕನ್ನಡಿಯಂತಹ ಮೇಲ್ಮೈಯಿಂದ ಪುಟಿದ ಕಿರಣವು ತಾಗಿದ ವಸ್ತುವಿನ ಬಣ್ಣವೇ ಪ್ರತಿಬಿಂಬವಾಗುತ್ತದೆ. ಪ್ರತಿಫಲನ, ವಕ್ರೀಭವನ ಮತ್ತು ನೆರಳುಗಳಿಗೆ ಇಂತಹ ಕಿರಣಗಳನ್ನು ಬಳಸುವ ಕ್ರಮವನ್ನು ಟರ್ನರ್ ವಿಟೆಡ್ 1980ರಲ್ಲಿ ಪ್ರಕಟಿಸಿದರು.

ಉದಾಹರಣೆ

2018ರ ನವೆಂಬರ್‌ನಲ್ಲಿ ಬಿಡುಗಡೆಯಾದ ಬ್ಯಾಟಲ್‌ಫೀಲ್ಡ್ 5, ಪ್ರತಿಬಿಂಬಗಳಿಗೆ ರೇ ಟ್ರೇಸಿಂಗ್ ಬಳಸಿದ ಮೊದಲ ಪ್ರಮುಖ ಗೇಮ್‌ಗಳಲ್ಲಿ ಒಂದು. ಇಂತಹ ಗೇಮ್‌ನಲ್ಲಿ ಆಟಗಾರನ ಮುಂದೆ ಹೊಳೆಯುವ ಕಾರೊಂದು ನಿಂತಿದ್ದು, ಅವನ ಬೆನ್ನ ಹಿಂದೆ ಸ್ಫೋಟವಾಯಿತು ಎಂದು ಭಾವಿಸಬಹುದು. ಬೆಂಕಿಯು ಪರದೆಯ ಮೇಲೆ ಇಲ್ಲದ ಕಾರಣ ಸ್ಕ್ರೀನ್ ಸ್ಪೇಸ್ ವಿಧಾನಕ್ಕೆ ಅದು ಸಿಗುವುದಿಲ್ಲ. ಕಾರಿನ ಬಾಗಿಲಿನಲ್ಲಿ ಜ್ವಾಲೆ ಕಾಣುವುದಿಲ್ಲ. ಪುಟಿದ ಕಿರಣವಾದರೋ ಹಿಂದಕ್ಕೆ ಸಾಗಿ ಬೆಂಕಿಯನ್ನು ತಾಗುತ್ತದೆ.

ಆಡುವಾಗಲೇ ಈ ವ್ಯತ್ಯಾಸವನ್ನು ಗುರುತಿಸಬಹುದು. ನೀರಿನ ಹೊಂಡದಲ್ಲಿ ಕಟ್ಟಡವೊಂದು ಪ್ರತಿಫಲಿಸುತ್ತಿರುವಾಗ ನೋಟವನ್ನು ನಿಧಾನವಾಗಿ ಕೆಳಕ್ಕೆ ಬಾಗಿಸಬೇಕು. ಕಟ್ಟಡದ ತುದಿ ಪರದೆಯಿಂದ ಹೊರಹೋದಂತೆ ಪ್ರತಿಬಿಂಬದ ತುದಿಯೂ ಮಾಯವಾದರೆ ಅದು ಸ್ಕ್ರೀನ್ ಸ್ಪೇಸ್ ಪ್ರತಿಫಲನ.

ಮಿತಿಗಳು

1920×1080 ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿವೆ. ಪ್ರತಿ ಪಿಕ್ಸೆಲ್‌ಗೆ ಒಂದೇ ಕಿರಣ ಕಳುಹಿಸಿದರೂ, ಸೆಕೆಂಡಿಗೆ 60 ಚಿತ್ರಗಳಿಗೆ 12 ಕೋಟಿಗೂ ಹೆಚ್ಚು ಕಿರಣಗಳು ಬೇಕಾಗುತ್ತವೆ. ಆದ್ದರಿಂದ ಹೆಚ್ಚಿನ ಗೇಮ್‌ಗಳು ಮೂಲ ಚಿತ್ರವನ್ನು ರಾಸ್ಟರೀಕರಣದಿಂದಲೇ ರಚಿಸಿ, ಆಯ್ದ ಪರಿಣಾಮಗಳಿಗೆ ಮಾತ್ರ ಕಿರಣಗಳನ್ನು ಬಳಸುತ್ತವೆ. ಕಿರಣಗಳು ಕಡಿಮೆಯಾದಾಗ ಚಿತ್ರದಲ್ಲಿ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಅವುಗಳನ್ನು ನಿವಾರಿಸಲು ಅಕ್ಕಪಕ್ಕದ ಪಿಕ್ಸೆಲ್‌ಗಳ ಮತ್ತು ಹಿಂದಿನ ಚಿತ್ರಗಳ ಮಾಹಿತಿಯನ್ನು ಬೆರೆಸಲಾಗುತ್ತದೆ. ಇದರಿಂದಾಗಿ ವೇಗವಾಗಿ ಚಲಿಸುವ ವಸ್ತುವಿನ ಪ್ರತಿಬಿಂಬವು ಕೆಲವೊಮ್ಮೆ ಕಲಸಿದಂತೆ ಕಾಣುತ್ತದೆ.